ಯೋಸೇಫನವರೆಗೆ ತಲುಪದ ಪಾಠಪಟ್ಟಿ: ಭಾನುವಾರ ಶಾಲಾ ಪಠ್ಯ ಸಮಿತಿಗೆ ಒಂದು ಬಹಿರಂಗ ಪತ್ರ

ಭಾನುವಾರ ಶಾಲಾ ಪಠ್ಯ ಸಮಿತಿಯ ಮಾನ್ಯ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಾನು ಉಡುಪಿ ಕಡೆಯ ಒಂದು ಚಿಕ್ಕ ಸಭೆಯಲ್ಲಿ 14 ವರ್ಷಗಳಿಂದ ಸಂಡೇ ಸ್ಕೂಲ್ ಶಿಕ್ಷಕಿ. ಈಗ ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳು ನನ್ನ ಬಳಿ ಇದ್ದಾರೆ. ಕಳೆದ ವರ್ಷ ಜೂನ್‌ನಲ್ಲಿ ತಾವು ಕಳುಹಿಸಿದ ಹತ್ತು ವರ್ಷಗಳ ಹೊಸ ಪಾಠಪಟ್ಟಿಯನ್ನು ನಾವು ಸಂತೋಷದಿಂದಲೇ ತೆಗೆದುಕೊಂಡೆವು. ಅದಕ್ಕೆ ಮೊದಲು ನಮ್ಮಲ್ಲಿ ಪಟ್ಟಿ ಎಂಬುದೇ ಇರಲಿಲ್ಲ. ಯಾವ ಟೀಚರಿಗೆ ಯಾವ ಕಥೆ ಇಷ್ಟವೋ ಅದನ್ನೇ ಹೇಳುತ್ತಿದ್ದರು. ಒಂದೇ ಮಗು ನಾಲ್ಕು ವರ್ಷ ನಾಲ್ಕು ಸಲ ದಾವೀದ–ಗೊಲ್ಯಾತರ ಕಥೆ ಕೇಳಿದ್ದುಂಟು. ಎಲಿಯನ ಹೆಸರನ್ನೇ ಕೇಳದೆ ದೊಡ್ಡವರಾದ ಮಕ್ಕಳೂ ಇದ್ದಾರೆ. ಹಾಗಾಗಿ ಪಟ್ಟಿ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ದೂರು ಈ ಪಟ್ಟಿಯ ಜೋಡಣೆಯ ಬಗ್ಗೆ.

ನಮ್ಮ ಸಭೆಯವರಿಗೆ ಮತ್ತು ಹೆತ್ತವರಿಗೆ ಗೊತ್ತಾಗಲಿ ಎಂದು ಪಟ್ಟಿಯನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಸತ್ಯವೇದದ ಪುಸ್ತಕಗಳು ಯಾವ ಕ್ರಮದಲ್ಲಿ ಇವೆಯೋ ಅದೇ ಕ್ರಮದಲ್ಲಿ ಪಾಠಗಳು ಹೋಗುತ್ತವೆ. ಒಂದನೇ ತರಗತಿಗೆ ಪೂರ್ತಿ ಆದಿಕಾಂಡ. ಎರಡನೇ ತರಗತಿಗೆ ವಿಮೋಚನಕಾಂಡದಿಂದ ಧರ್ಮೋಪದೇಶಕಾಂಡದವರೆಗೆ. ಮೂರನೆಯದಕ್ಕೆ ಯೆಹೋಶುವ, ನ್ಯಾಯಸ್ಥಾಪಕರು, ರೂತಳು. ಹೀಗೆ ಹೋಗಿ ಏಳನೇ ತರಗತಿಗೆ ಪ್ರವಾದಿಗಳು, ಎಂಟನೆಯದಕ್ಕೆ ನಾಲ್ಕು ಸುವಾರ್ತೆಗಳು, ಕೊನೆಯ ಎರಡು ವರ್ಷ ಅಪೊಸ್ತಲರ ಕೃತ್ಯಗಳು, ಪತ್ರಿಕೆಗಳು ಮತ್ತು ಪ್ರಕಟನೆ. ಪ್ರತಿ ತರಗತಿಗೆ 52 ಪಾಠ. ವರ್ಷದ ಕೊನೆಗೆ ಎಲ್ಲ ಸಭೆಗಳಿಗೂ ಒಂದೇ ಪರೀಕ್ಷೆ.

ಈಗ ನನ್ನ ಹಾಜರಿ ಪುಸ್ತಕದ ಲೆಕ್ಕ ನೋಡಿ. ನಮ್ಮ ಸಂಡೇ ಸ್ಕೂಲ್ ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ. ಕಳೆದ ಸಲ ಅದರಲ್ಲಿ 43 ಭಾನುವಾರಗಳು ಸಿಕ್ಕಿದವು. ಜುಲೈಯ ಒಂದು ಭಾನುವಾರ ಮಳೆ ಬಿಡಲೇ ಇಲ್ಲ, ಮಕ್ಕಳು ಬರಲಿಲ್ಲ. ದಸರಾ ರಜೆಯಲ್ಲಿ ಎರಡು ವಾರ ಎಲ್ಲರೂ ಅಜ್ಜಿ ಮನೆಗೆ. ಬೆಳೆ ಹಬ್ಬಕ್ಕೆ ಒಂದು ವಾರ. ಕ್ರಿಸ್ಮಸ್ ಕಾರ್ಯಕ್ರಮದ ಪ್ರಾಕ್ಟೀಸ್ ಎಂದು ಮೂರು ವಾರ. ಮಾರ್ಚ್‌ನಲ್ಲಿ ಶಾಲೆಯ ಪರೀಕ್ಷೆಯಿಂದಾಗಿ ಮೂರು ವಾರ. ಉಳಿದದ್ದು 33 ತರಗತಿ. ಇದು ನಾವು ಆಲಸ್ಯ ಮಾಡಿದ ವರ್ಷವಲ್ಲ. ಕರಾವಳಿಯ ಯಾವ ಸಭೆಯಲ್ಲಿ ಕೇಳಿದರೂ ಲೆಕ್ಕ ಇದರ ಆಸುಪಾಸಿನಲ್ಲೇ ಬರುತ್ತದೆ.

52 ಪಾಠಗಳಲ್ಲಿ 33 ಆಯಿತು, 19 ಉಳಿಯಿತು. ಪಟ್ಟಿ ಪುಸ್ತಕದ ಕ್ರಮದಲ್ಲಿ ಇರುವುದರಿಂದ ಉಳಿಯುವುದು ಯಾವಾಗಲೂ ಕೊನೆಯ ಭಾಗವೇ. ಒಂದನೇ ತರಗತಿಯಲ್ಲಿ ಮೊದಲ ಅಧ್ಯಾಯಕ್ಕೂ ಕೊನೆಯ ಅಧ್ಯಾಯಕ್ಕೂ ಎರಡೆರಡು ಪಾಠ, ನಡುವೆ ವಾರಕ್ಕೊಂದು ಅಧ್ಯಾಯ. ಹಾಗಾಗಿ 33ನೇ ಪಾಠಕ್ಕೆ ನಾವು ಮುಟ್ಟಿದ್ದು ಆದಿಕಾಂಡದ 32ನೇ ಅಧ್ಯಾಯ. ಯಾಕೋಬ ತನ್ನ ಅಣ್ಣ ಏಸಾವನನ್ನು ಕಾಣಲು ಹೆದರಿಕೊಂಡು ಹೊರಟಿದ್ದಾನೆ. ಅಣ್ಣ ತಮ್ಮ ರಾಜಿಯಾದರೋ ಇಲ್ಲವೋ ಎಂದು ತಿಳಿಯುವ ಮೊದಲೇ ವರ್ಷ ಮುಗಿಯಿತು.

ಯೋಸೇಫನ ಕಥೆ ಶುರುವಾಗುವುದು 37ನೇ ಅಧ್ಯಾಯದಲ್ಲಿ. ಪಟ್ಟಿಯಲ್ಲಿ ಅದು 38ನೇ ಪಾಠ. ಅಲ್ಲಿಂದ ಕೊನೆಯವರೆಗೆ 15 ಪಾಠಗಳು, ನಡುವಿನ ಒಂದೆರಡು ಬಿಟ್ಟರೆ ಎಲ್ಲವೂ ಅವನ ಕುರಿತೇ. ಅವುಗಳಲ್ಲಿ ಒಂದನ್ನೂ ನನ್ನ ಮಕ್ಕಳು ಕೇಳಲಿಲ್ಲ. ಆದರೆ ಪರೀಕ್ಷೆಯಲ್ಲಿ ಯೋಸೇಫನ ಬಗ್ಗೆ ಮೂರು ಪ್ರಶ್ನೆ ಬಂದಿತ್ತು. ಆರು ವರ್ಷದ ಮಕ್ಕಳು, ಬಾಯಿ ಪರೀಕ್ಷೆ. ಅವರು ನನ್ನ ಮುಖ ನೋಡಿದರು. ನಾನು ಏನು ಹೇಳಲಿ?

ಜೂನ್‌ನಲ್ಲಿ ಅದೇ ಮಕ್ಕಳು ಎರಡನೇ ತರಗತಿಗೆ ಬಂದರು. ಮೊದಲ ಪಾಠ ವಿಮೋಚನಕಾಂಡ, ಐಗುಪ್ತದಲ್ಲಿ ಇಸ್ರಾಯೇಲರ ಗುಲಾಮಗಿರಿ. ಒಬ್ಬ ಹುಡುಗಿ ಕೈ ಎತ್ತಿ, "ಟೀಚರ್, ಅವರು ಅಲ್ಲಿಗೆ ಯಾಕೆ ಹೋದ್ರು?" ಎಂದು ಕೇಳಿದಳು. ಎಷ್ಟು ಸರಿಯಾದ ಪ್ರಶ್ನೆ ಅಲ್ವಾ? ಯೋಸೇಫನನ್ನು ಅರಿಯದ ಹೊಸ ಅರಸನು ಬಂದನು ಎಂದು ವಿಮೋಚನಕಾಂಡದ ಮೊದಲನೇ ಅಧ್ಯಾಯವೇ ಹೇಳುತ್ತದೆ. ನಮ್ಮ ಮಕ್ಕಳಿಗೂ ಅವನು ಗೊತ್ತಿರಲಿಲ್ಲ.

ಪಾಠ ಬೇಗ ಬೇಗ ಮುಗಿಸಿದರೆ ಆಯಿತಲ್ಲ ಎಂದು ತಾವು ಹೇಳಬಹುದು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಳೆದ ಡಿಸೆಂಬರ್‌ನ ಮೊದಲ ಭಾನುವಾರ ನನ್ನ ಒಂದನೇ ತರಗತಿಗೆ 23ನೇ ಪಾಠ ಇತ್ತು. ಆದಿಕಾಂಡ 22. ಅಬ್ರಹಾಮ ತನ್ನ ಮಗ ಇಸಾಕನನ್ನು ಕಟ್ಟಿ, ಕಟ್ಟಿಗೆಯ ಮೇಲೆ ಮಲಗಿಸಿ, ಕತ್ತಿ ಕೈಗೆ ತೆಗೆದುಕೊಳ್ಳುವ ಪಾಠ. ಪಟ್ಟಿಯಲ್ಲಿ ಇದ್ದ ಹಾಗೆ ಹೇಳಿದೆ. ದೇವರು ತಡೆದನು, ಟಗರು ಸಿಕ್ಕಿತು ಎಂಬುದನ್ನು ಜೋರಾಗಿ, ಎರಡೆರಡು ಸಲ ಹೇಳಿದೆ. ಮುಗಿದ ಮೇಲೆ ಒಬ್ಬ ಹುಡುಗ ನನ್ನ ಸೆರಗು ಹಿಡಿದುಕೊಂಡು, "ದೇವರು ನನ್ನ ಪಪ್ಪನಿಗೂ ಹಾಗೆ ಹೇಳ್ತಾರಾ?" ಎಂದ. ಮುಂದಿನ ಎರಡು ವಾರ ಅವನು ಬರಲಿಲ್ಲ. ಮೂರನೇ ವಾರ ಅವನ ತಾಯಿ ಸಿಕ್ಕಿ, ರಾತ್ರಿ ಪಪ್ಪನ ಪಕ್ಕ ಮಲಗಲು ಹೆದರುತ್ತಾನೆ ಎಂದರು. ಆ ತಾಯಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಆ ಅಧ್ಯಾಯ ಕಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಅದನ್ನು ಬಿಟ್ಟರೆ ಅಬ್ರಹಾಮನ ನಂಬಿಕೆ ಅರ್ಥವಾಗುವುದಿಲ್ಲ. ಆದರೆ ಆರು ವರ್ಷದ ಮಗುವಿಗೆ ಕಥೆಯ ಕೊನೆ ಮುಖ್ಯವಲ್ಲ, ಕತ್ತಿಯ ಚಿತ್ರ ಮುಖ್ಯ. ಅದು ಅಬ್ರಹಾಮನ ಜಾಗದಲ್ಲಿ ನಿಂತು ನೋಡುವುದಿಲ್ಲ, ಇಸಾಕನ ಜಾಗದಲ್ಲಿ ಮಲಗಿ ನೋಡುತ್ತದೆ. ಹನ್ನೆರಡರ ಮಗು ಅಬ್ರಹಾಮನಿಗೆ ಹೇಗಾಗಿರಬಹುದು ಎಂದು ಯೋಚಿಸಬಲ್ಲದು. ಸುತ್ತಲಿನ ಜನರು ಮಕ್ಕಳನ್ನು ಬಲಿ ಕೊಡುತ್ತಿದ್ದ ಕಾಲದಲ್ಲಿ ಈ ದೇವರು ಬೇಡ ಎಂದು ಕೈ ತಡೆದನು ಎಂಬುದನ್ನು ಹದಿನಾಲ್ಕರ ಮಕ್ಕಳ ಜೊತೆ ಚರ್ಚೆಯೇ ಮಾಡಬಹುದು. ಹಾಗೆಯೇ ಮೂರನೇ ತರಗತಿಯಲ್ಲಿ ತಂದೆಯ ಹರಕೆಗೆ ಬಲಿಯಾಗುವ ಯೆಫ್ತಾಹನ ಮಗಳ ಕಥೆ ಇದೆ. ಅಲ್ಲಿ ಟಗರೂ ಸಿಗುವುದಿಲ್ಲ. ಆ ಪಾಠ ಮಾಡಬೇಕಾದ ಟೀಚರ್ ಆ ದಿನ ಹಾಡು ಹಾಡಿಸಿ ಮಕ್ಕಳನ್ನು ಮನೆಗೆ ಕಳುಹಿಸಿದರು. ಅವರು ಮಾಡಿದ್ದು ಸರಿ.

ಇದೇ ಡಿಸೆಂಬರ್‌ಗೆ ಎರಡನೇ ತರಗತಿಯ ಪಟ್ಟಿಯಲ್ಲಿ ಏನಿದೆ ಗೊತ್ತೇ? ಯಾಜಕಕಾಂಡದ ಹೋಮ, ಪಾಪಪರಿಹಾರಕ ಬಲಿ. ಚರ್ಚಿನಲ್ಲಿ ನಕ್ಷತ್ರ ತೂಗುಹಾಕಿರುತ್ತಾರೆ. ಮನೆಯಲ್ಲಿ ಕಿಡಿಯೊ, ಗುಳಿಯೊ ತಿಂಡಿಗಳನ್ನು ಮಾಡುವ ತಯಾರಿ. ಮಕ್ಕಳು ಗೋದಲಿಗೆ ಹುಲ್ಲು ತರುತ್ತಾರೆ. ತರಗತಿಯಲ್ಲಿ ಮಾತ್ರ ಕುರಿಯ ಕೊಬ್ಬನ್ನು ಏನು ಮಾಡಬೇಕು ಎಂಬ ಪಾಠ. ಪಟ್ಟಿಯ ಪ್ರಕಾರ ಈ ಮಕ್ಕಳು ಯೇಸುವಿನ ಜನನವನ್ನು ಪಾಠವಾಗಿ ಕಲಿಯುವುದು ಎಂಟನೇ ತರಗತಿಯಲ್ಲಿ. ಅಷ್ಟರೊಳಗೆ ತಂದೆಗೆ ವರ್ಗವಾಗಿ ಊರು ಬಿಡುವ ಮಕ್ಕಳು ಎಷ್ಟು! ಹತ್ತನೇ ತರಗತಿಯ ಮಾತಂತೂ ಬೇಡ. ಭಾನುವಾರವೂ ಟ್ಯೂಷನ್ ಇರುವುದರಿಂದ ನಮ್ಮಲ್ಲಿ ಕಳೆದ ವರ್ಷ ಆ ತರಗತಿಗೆ ಬಂದವರು ಇಬ್ಬರು. ಕೊನೆಯ ವರ್ಷಕ್ಕೆ ಏನು ಇಟ್ಟರೂ ಅದು ಹೆಚ್ಚಿನವರಿಗೆ ಸಿಗುವುದಿಲ್ಲ.

ಇನ್ನೊಂದು ವಿಷಯ. ಪಟ್ಟಿಗೆ ಹತ್ತು ತರಗತಿ ಬೇಕು, ನಮ್ಮಲ್ಲಿ ಇರುವುದು 41 ಮಕ್ಕಳು, ಐದು ಜನ ಶಿಕ್ಷಕರು. ನಾನು ಒಂದೇ ಕೋಣೆಯಲ್ಲಿ ಒಂದು ಗುಂಪಿಗೆ ಆದಿಕಾಂಡ, ಇನ್ನೊಂದಕ್ಕೆ ಯಾಜಕಕಾಂಡ ಹೇಳಬೇಕು. ಇರುವ 45 ನಿಮಿಷದಲ್ಲಿ ಪ್ರಾರ್ಥನೆ, ಹಾಡು, ಕಂಠಪಾಠದ ವಚನ ಕಳೆದು ಒಂದೊಂದು ಗುಂಪಿಗೆ ಹನ್ನೆರಡು ನಿಮಿಷವೂ ಉಳಿಯುವುದಿಲ್ಲ.

ತಮ್ಮ ಸುತ್ತೋಲೆಯಲ್ಲಿ ಇದನ್ನು "ವಯಸ್ಸಿಗೆ ತಕ್ಕ ಪಾಠಕ್ರಮ" ಎಂದು ಕರೆದಿದ್ದೀರಿ. ನನ್ನ ಆಕ್ಷೇಪ ಇರುವುದು ಇಲ್ಲೇ. 1872ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಸಂಡೇ ಸ್ಕೂಲ್ ಸಮ್ಮೇಳನ, ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ಆ ವಾರ ಒಂದೇ ಪಾಠ ಎಂಬ ಪದ್ಧತಿ ತಂದಿತು. ಚಿಕ್ಕ ಮಕ್ಕಳ ಟೀಚರ್‌ಗಳು ಇದು ನಮ್ಮ ಮಕ್ಕಳಿಗೆ ಆಗುವುದಿಲ್ಲ ಎಂದು ಹೇಳುತ್ತಲೇ ಬಂದರು. 1908ರಲ್ಲಿ ವಯಸ್ಸಿನ ಪ್ರಕಾರದ ಪಾಠಗಳಿಗೆ ಒಪ್ಪಿಗೆ ಸಿಕ್ಕಿತು. ಅವರು ಹೋರಾಡಿದ್ದು ಮಗು ಯಾವುದನ್ನು ಯಾವಾಗ ಹಿಡಿದುಕೊಳ್ಳಬಲ್ಲದು ಎಂಬ ಪ್ರಶ್ನೆಗಾಗಿ. ಸತ್ಯವೇದವನ್ನು ಹತ್ತು ತುಂಡು ಮಾಡಿ, ಮೊದಲ ತುಂಡು ಚಿಕ್ಕವರಿಗೆ, ಕೊನೆಯದು ದೊಡ್ಡವರಿಗೆ ಎಂದರೆ ಆ ಪ್ರಶ್ನೆಗೆ ಉತ್ತರ ಆಗುವುದಿಲ್ಲ. ಆದಿಕಾಂಡ ಮೊದಲ ಪುಸ್ತಕ ನಿಜ, ಆದರೆ ಅದು ಸುಲಭದ ಪುಸ್ತಕವಲ್ಲ.

ಹಾಗಾದರೆ ಹೇಗೆ ಜೋಡಿಸಬೇಕು ಎಂದು ಕೇಳುವಿರಿ. ನಾವು ಐದು ಜನ ಶಿಕ್ಷಕರು ಮಳೆಗಾಲದಲ್ಲಿ ಆರು ಸಲ ಕೂತು ಒಂದು ಕ್ರಮ ಮಾಡಿದ್ದೇವೆ. ಹತ್ತು ತರಗತಿಯ ಬದಲು ನಾಲ್ಕು ಗುಂಪು. ನಾಲ್ಕರಿಂದ ಆರು ವರ್ಷ, ಏಳರಿಂದ ಒಂಬತ್ತು, ಹತ್ತರಿಂದ ಹನ್ನೆರಡು, ಹದಿಮೂರರಿಂದ ಹದಿನೈದು. ಪ್ರತಿ ಗುಂಪಿಗೆ ಮೂರು ವರ್ಷದ ಸುತ್ತು. ವರ್ಷಕ್ಕೆ 30 ಪಾಠ ಮಾತ್ರ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಹತ್ತು ಪಾಠ ಎಲ್ಲ ಗುಂಪಿನವರಿಗೂ ಪ್ರತಿ ವರ್ಷವೂ ಯೇಸುವಿನದೇ, ಜನನದಿಂದ ಶಿಲುಬೆ, ಪುನರುತ್ಥಾನದವರೆಗೆ. ಉಳಿದ ಇಪ್ಪತ್ತು ಬೇರೆ ಭಾಗಗಳಿಗೆ. ಸಿಗುವ 33ರಲ್ಲಿ ಮೂರು ಕೈಯಲ್ಲಿ ಉಳಿಯುತ್ತದೆ. ಜಾಸ್ತಿ ಮಳೆ ಬಂದರೂ ಕ್ರಮ ತಪ್ಪುವುದಿಲ್ಲ. ಒಂದು ಮಗು ಪೂರ್ತಿ 12 ವರ್ಷ ಬಂದರೆ 360 ಪಾಠ. ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ಎಲ್ಲವನ್ನೂ ಕಲಿಸಲು ಆಗುವುದಿಲ್ಲ, ಆರಿಸಲೇಬೇಕು. ಆರಿಸುವ ಕೆಲಸವನ್ನು ಮಳೆಗೆ ಬಿಡಬಾರದು ಎಂಬುದಷ್ಟೇ ನಮ್ಮ ಮಾತು.

ಒಂದೇ ಕಥೆ ಬೇರೆ ಬೇರೆ ವಯಸ್ಸಿಗೆ ಮತ್ತೆ ಬರಬೇಕು, ಆದರೆ ಪ್ರತಿ ಸಲ ಅದರ ಹೊಸ ಭಾಗ ತೆರೆಯಬೇಕು. ಕೈಬಿಟ್ಟುಹೋದ ಯೋಸೇಫನನ್ನೇ ತೆಗೆದುಕೊಳ್ಳಿ.

ಚಿಕ್ಕವರಿಗೆ ಒಂದೇ ಭಾನುವಾರ. ಅಪ್ಪ ಚಂದದ ಅಂಗಿ ಕೊಟ್ಟರು, ಅಣ್ಣಂದಿರಿಗೆ ಹೊಟ್ಟೆಕಿಚ್ಚಾಯಿತು, ದೂರದ ಊರಿಗೆ ಕಳುಹಿಸಿಬಿಟ್ಟರು, ಅಲ್ಲಿಯೂ ದೇವರು ಅವನ ಜೊತೆ ಇದ್ದನು, ಕೊನೆಗೆ ಎಲ್ಲರೂ ಸೇರಿದರು. ಅಷ್ಟು ಸಾಕು. ಆ ವಯಸ್ಸಿಗೆ ಕಥೆ ಅದೇ ದಿನ ಮುಗಿಯಬೇಕು. ಯೋಸೇಫನನ್ನು ಗುಂಡಿಯಲ್ಲಿ ಬಿಟ್ಟು ಮುಂದಿನ ವಾರ ಹೇಳುತ್ತೇನೆ ಎಂದರೆ ಮಗು ಆ ಗುಂಡಿಯನ್ನು ಮನೆಗೆ ಹೊತ್ತುಕೊಂಡು ಹೋಗುತ್ತದೆ.

ಏಳರಿಂದ ಒಂಬತ್ತರವರಿಗೆ ನಾಲ್ಕು ಭಾನುವಾರ. ಇವರಿಗೆ ವಿವರ ಬೇಕು. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ್ದು, ಸೆರೆಮನೆ, ಏಳು ಕೊಬ್ಬಿದ ಹಸು, ಏಳು ಬಡಕಲು ಹಸು, ಧಾನ್ಯದ ಉಗ್ರಾಣ, ಬೆನ್ಯಾಮೀನನ ಚೀಲದಲ್ಲಿ ಸಿಕ್ಕಿದ ಬೆಳ್ಳಿಯ ಪಾತ್ರೆ. ಮುಂದೇನಾಯಿತು ಎಂದು ಕಾದು ಕೇಳುವ ವಯಸ್ಸು. ಈ ವಾರದ ತುದಿಯನ್ನು ಮುಂದಿನ ವಾರಕ್ಕೆ ಕಟ್ಟಬಹುದು.

ಹತ್ತರಿಂದ ಹನ್ನೆರಡರವರಿಗೆ ಎರಡು ಭಾನುವಾರ ಸಾಕು, ಏಕೆಂದರೆ ಕಥೆ ಅವರಿಗೆ ಗೊತ್ತು. ಈಗ ಯೆಹೂದನನ್ನು ನೋಡಿ ಎಂದು ಹೇಳಬೇಕು. ತಮ್ಮನನ್ನು ಮಾರಿಬಿಡೋಣ ಎಂದವನು 37ನೇ ಅಧ್ಯಾಯದಲ್ಲಿ ಇದೇ ಯೆಹೂದ. 44ನೇ ಅಧ್ಯಾಯದಲ್ಲಿ ಬೆನ್ಯಾಮೀನನ ಬದಲು ನನ್ನನ್ನು ಗುಲಾಮನನ್ನಾಗಿ ಇಟ್ಟುಕೊಳ್ಳಿ ಎಂದು ಬೇಡುವವನೂ ಅವನೇ. ಮನುಷ್ಯ ಬದಲಾಗಿದ್ದಾನೆ. ಅದನ್ನು ಕಂಡ ಮೇಲೆಯೇ ಯೋಸೇಫ ಅಳುತ್ತಾ ನಾನು ಯಾರೆಂದು ಹೇಳುತ್ತಾನೆ. ನಾನು ಒಂದು ಸಲ ದೊಡ್ಡ ಮಕ್ಕಳಿಗೆ ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಓದಿಸಿದ್ದೆ. ಹನ್ನೊಂದರ ಹುಡುಗ ಒಬ್ಬ ತಾನಾಗಿಯೇ, "ಟೀಚರ್, ದಾವೀದ ಇವನ ವಂಶ ಅಲ್ವಾ?" ಎಂದ. ಏಳು ವರ್ಷದ ಮಗುವಿಗೆ ಇದು ಎಷ್ಟು ಹೇಳಿದರೂ ಕಾಣುವುದಿಲ್ಲ. ಅದಕ್ಕೆ ಹಿಂದಿನ ಅಧ್ಯಾಯವನ್ನೂ ಮುಂದಿನದ್ದನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಬೇಕು.

ಹದಿಮೂರು ದಾಟಿದವರಿಗೆ ಎರಡು ಭಾನುವಾರ 47ನೇ ಅಧ್ಯಾಯ ಕೊಡಬೇಕು. ನಾವು ಯಾರೂ ಕಲಿಸದ ಅಧ್ಯಾಯ ಅದು. ಬರಗಾಲದಲ್ಲಿ ಜನರು ಧಾನ್ಯಕ್ಕಾಗಿ ಮೊದಲು ಹಣ ಕೊಟ್ಟರು, ಆಮೇಲೆ ದನಕರು, ಕೊನೆಗೆ ಹೊಲವನ್ನೂ ತಮ್ಮನ್ನೂ ಕೊಟ್ಟರು. ಯೋಸೇಫ ಐಗುಪ್ತದ ಹೊಲಗಳನ್ನೆಲ್ಲ ಫರೋಹನಿಗೆ ಕೊಂಡುಕೊಂಡನು. ಪುರೋಹಿತರ ಭೂಮಿ ಮಾತ್ರ ಬಿಟ್ಟನು. ಬೆಳೆಯಲ್ಲಿ ಐದರಲ್ಲೊಂದು ಪಾಲು ಅರಮನೆಗೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ದೂರದ ಮಾತಲ್ಲ. ನನ್ನ ಅಜ್ಜ ಚಾಲಗೇಣಿಗೆ ಗದ್ದೆ ಮಾಡುತ್ತಿದ್ದವರು. 1974ರ ಭೂಸುಧಾರಣೆ ತಿದ್ದುಪಡಿ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು ಅವರಿಗೆ ಭೂಮಿ ಸಿಕ್ಕಿತು. ಗೇಣಿ ಅಳೆಯುವ ದಿನ ಮನೆಯಲ್ಲಿ ಹೇಗಿರುತ್ತಿತ್ತು ಎಂದು ಅಜ್ಜಿ ಹೇಳುವುದನ್ನು ಕೇಳಿ ಬೆಳೆದಿದ್ದೇನೆ. ಯೋಸೇಫ ಜನರ ಜೀವ ಉಳಿಸಿದನು, ಅದು ನಿಜ. ಆದರೆ ಅವನ ಕೈಯಿಂದಲೇ ರೈತರು ಭೂಮಿ ಕಳೆದುಕೊಂಡು ಫರೋಹನ ಆಳುಗಳಾದರು, ಅದೂ ನಿಜ. ಮುಂದೆ ಅದೇ ದೇಶದಲ್ಲಿ ಯೋಸೇಫನ ಜನರೇ ಗುಲಾಮರಾದರು. ಹದಿನಾಲ್ಕರ ಹುಡುಗ ಹುಡುಗಿಯರು ಇದನ್ನು ಕೇಳಿದರೆ ಸುಮ್ನೆ ಕೂರುವುದಿಲ್ಲ. ಅವರು ಸಂಡೇ ಸ್ಕೂಲ್ ಬಿಡುವುದು ಟ್ಯೂಷನ್‌ಗಾಗಿ ಮಾತ್ರವಲ್ಲ. ಆರನೇ ವಯಸ್ಸಿನಲ್ಲಿ ಕೇಳಿದ್ದನ್ನೇ ಮತ್ತೆ ಅದೇ ರೀತಿ ಹೇಳುತ್ತೇವೆ ಎಂಬುದಕ್ಕೂ ಬಿಡುತ್ತಾರೆ.

ಹೀಗೆ ನಾಲ್ಕು ಗುಂಪು ಸೇರಿ ಯೋಸೇಫನಿಗೆ ಒಟ್ಟು ಒಂಬತ್ತು ಪಾಠ. ತಮ್ಮ ಪಟ್ಟಿಯಲ್ಲಿ ಇದ್ದ 15ಕ್ಕಿಂತ ಕಡಿಮೆ, ಆದರೆ ಇವು ಮಕ್ಕಳನ್ನು ತಲುಪುತ್ತವೆ.

ನಮ್ಮ ಕ್ರಮದಲ್ಲಿಯೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸುತ್ತು ಮೂರು ವರ್ಷದ್ದಾದ್ದರಿಂದ ಒಂದು ಮಗು ಗುಂಪಿಗೆ ಸೇರುವಾಗ ಸುತ್ತಿನ ಎರಡನೇ ವರ್ಷ ನಡೆಯುತ್ತಿರಬಹುದು. ಆಗ ಅದು ಯೋಸೇಫನಿಗಿಂತ ಮೊದಲು ಮೋಶೆಯನ್ನು ಕೇಳುತ್ತದೆ. ಒಂಬತ್ತು ವರ್ಷದೊಳಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಆ ಮಕ್ಕಳಿಗೆ ಪ್ರತಿ ಕಥೆಯೂ ಬೇರೆ ಬೇರೆಯೇ. ಅಬ್ರಹಾಮನೂ ಪೌಲನೂ ಅವರಿಗೆ ಒಂದೇ "ಹಿಂದಿನ ಕಾಲ"ದವರು. ಹತ್ತರ ಮೇಲೆ ಮಾತ್ರ ಯಾರು ಮೊದಲು, ಯಾರು ಆಮೇಲೆ ಎಂಬುದು ಕೂರುತ್ತದೆ. ಹಾಗಾಗಿ ಮೂರನೇ ಗುಂಪಿನಲ್ಲಿ ಪ್ರತಿ ಜೂನ್‌ನ ಮೊದಲ ಎರಡು ವಾರ ಒಂದು ಹಗ್ಗ ಕಟ್ಟಿ, ಆದಾಮನಿಂದ ಪೌಲನವರೆಗಿನ ಹೆಸರುಗಳ ಚೀಟಿಗಳನ್ನು ಮಕ್ಕಳ ಕೈಯಿಂದಲೇ ಕ್ರಮವಾಗಿ ಸಿಕ್ಕಿಸುತ್ತೇವೆ. ವರ್ಷವಿಡೀ ಅದು ಗೋಡೆಯಲ್ಲಿ ಇರುತ್ತದೆ. ಆ ದಿನದ ಪಾಠ ಹಗ್ಗದ ಯಾವ ಜಾಗ ಎಂದು ಮಕ್ಕಳೇ ಎದ್ದು ತೋರಿಸಬೇಕು. ಎರಡು ವಾರದ ಪ್ರಯೋಗದಲ್ಲೇ ಗೊತ್ತಾಯಿತು, ಅರ್ಧಕ್ಕಿಂತ ಹೆಚ್ಚು ಮಕ್ಕಳು ದಾವೀದನನ್ನು ಮೋಶೆಗಿಂತ ಮೊದಲು ಸಿಕ್ಕಿಸಿದ್ದರು.

ಮಾನ್ಯರೇ, ನಮ್ಮ ಬೇಡಿಕೆಗಳು ಇವು. ಮೊದಲನೆಯದು ತಡಮಾಡಲು ಆಗದ್ದು. ಬರುವ ಡಿಸೆಂಬರ್‌ನ ಮೊದಲ ಭಾನುವಾರ ಒಂದನೇ ತರಗತಿಗೆ ಮತ್ತೆ ಅದೇ 23ನೇ ಪಾಠ ಇದೆ. ಆ ಪಾಠವನ್ನೂ ಮೂರನೇ ತರಗತಿಯ ಯೆಫ್ತಾಹನ ಪಾಠವನ್ನೂ ಚಿಕ್ಕವರ ಪಟ್ಟಿಯಿಂದ ತೆಗೆದು ದೊಡ್ಡವರಿಗೆ ಇಡುತ್ತೇವೆ ಎಂದು ಈಗಲೇ ಒಂದು ಪತ್ರ ಎಲ್ಲ ಸಭೆಗಳಿಗೆ ಕಳುಹಿಸಿ. ಈ ವರ್ಷದ ಪರೀಕ್ಷೆಯಲ್ಲಿ ಆಯಾ ಸಭೆಯಲ್ಲಿ ನಡೆದ ಪಾಠಗಳಿಂದ ಮಾತ್ರ ಪ್ರಶ್ನೆ ಕೇಳಿ. ಆಮೇಲೆ, ಮುಂದಿನ ಜೂನ್‌ಗೆ ಮೊದಲು ಮೇ ರಜೆಯಲ್ಲಿ ಎರಡು ದಿನ ಶಿಕ್ಷಕರನ್ನು ಕರೆಯಿರಿ. ಸಭೆಯ ಅಯ್ಯನವರು, ಹಿರಿಯರು ಇರಲಿ, ಆದರೆ ಚಿಕ್ಕ ಮಕ್ಕಳಿಗೆ ಪಾಠ ಹೇಳುವವರೂ ಆ ಮೇಜಿನ ಸುತ್ತ ಇರಬೇಕು. ಈಗಿನ ಪಟ್ಟಿ ಮಾಡುವಾಗ ನಮ್ಮಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ನಮ್ಮ ನಾಲ್ಕು ಗುಂಪಿನ ಕ್ರಮವನ್ನು ಎಲ್ಲರ ಮೇಲೆ ಹೇರಿ ಎಂದು ಕೇಳುವುದಿಲ್ಲ. ದೊಡ್ಡ ಸಭೆಗಳಿಗೆ ಹತ್ತು ತರಗತಿ ನಡೆಸುವ ಶಕ್ತಿ ಇರಬಹುದು. ಮೂರು ನಾಲ್ಕು ಚಿಕ್ಕ ಸಭೆಗಳಲ್ಲಿ ಒಂದು ವರ್ಷ ನಡೆಸಿ ನೋಡಲು ಒಪ್ಪಿಗೆ ಕೊಡಿ. ಹಾಜರಿ ಪುಸ್ತಕ ಮತ್ತು ಪ್ರತಿ ವಾರ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದು ಮಾರ್ಚ್ ಕೊನೆಗೆ ತಮ್ಮ ಮುಂದೆ ಇಡುತ್ತೇವೆ.

ನನ್ನ ಎರಡನೇ ತರಗತಿಯ ಮಕ್ಕಳಿಗೆ ಈ ಭಾನುವಾರ ಯಾಜಕಕಾಂಡದ ಮೊದಲ ಪಾಠ ಇದೆ. ಅದನ್ನು ಬಿಟ್ಟು, ಮುಂದಿನ ನಾಲ್ಕು ವಾರ ಅವರಿಗೆ ಬಾಕಿ ಇರುವ ಯೋಸೇಫನ ಕಥೆ ಹೇಳಲು ತೀರ್ಮಾನಿಸಿದ್ದೇನೆ. ಅವರು ಅಲ್ಲಿಗೆ ಯಾಕೆ ಹೋದರು ಎಂದು ಜೂನ್‌ನಲ್ಲಿ ಕೇಳಿದ ಹುಡುಗಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಇದು ತಮಗೆ ತಪ್ಪೆಂದು ಕಂಡರೆ ದಯವಿಟ್ಟು ನನ್ನನ್ನು ಕರೆದು ಮಾತಾಡಿ, ಬರುತ್ತೇನೆ.

ಇಂತಿ ಕರ್ತನ ಸೇವೆಯಲ್ಲಿ,
ಉಡುಪಿ ಕಡೆಯ ಒಬ್ಬ ಭಾನುವಾರ ಶಾಲಾ ಶಿಕ್ಷಕಿ